ಪರೀಕ್ಷೆಯ ನಡುವೆ ನೆಟ್ ಹೋಗಿ ಫೇಲಾದರೆ ಮರುಪರೀಕ್ಷೆ ಕೇಳುವುದು ಹೇಗೆ?

ಆನ್‌ಲೈನ್ ಪರೀಕ್ಷೆ ಬರೆಯುವಾಗ ನೆಟ್ ಕೈಕೊಟ್ಟು ಫೇಲಾದವರು ಕಳಿಸುವ ಮೇಲ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ: ‘ಪರೀಕ್ಷೆ ಸಮಯದಲ್ಲಿ ನೆಟ್ ಸಮಸ್ಯೆ ಆಯಿತು, ದಯವಿಟ್ಟು ಇನ್ನೊಂದು ಅವಕಾಶ ಕೊಡಿ.’ ಓದಿದ ಸಂಯೋಜಕರಿಗೆ ಅಯ್ಯೋ ಅನ್ನಿಸಬಹುದು, ಆದರೆ ಇಷ್ಟನ್ನೇ ಇಟ್ಟುಕೊಂಡು ಅವರು ಏನೂ ಮಾಡಲಾರರು. ನಿಜವಾಗಿ ನೆಟ್ ಹೋದವರೂ ಇದನ್ನೇ ಬರೆಯುತ್ತಾರೆ, ಓದದೆ ಬಂದು ನೆಟ್‌ನ ನೆಪ ಹೇಳುವವರೂ ಇದನ್ನೇ ಬರೆಯುತ್ತಾರೆ.

ಇಬ್ಬರನ್ನೂ ಬೇರ್ಪಡಿಸಲು ಸಂಯೋಜಕರ ಕೈಯಲ್ಲಿ ಒಂದು ಸಾಧನ ಇದೆ, ಅದು ಸರ್ವರ್ ಲಾಗ್. ನೀವು ಯಾವಾಗ ಪರೀಕ್ಷೆ ಶುರು ಮಾಡಿದಿರಿ, ಯಾವ ಪುಟವನ್ನು ಯಾವಾಗ ತೆರೆದಿರಿ, ಯಾವ ಉತ್ತರ ಯಾವಾಗ ಸೇವ್ ಆಯಿತು, ಎಷ್ಟು ಹೊತ್ತು ನಿಮ್ಮ ಕಡೆಯಿಂದ ಸದ್ದೇ ಇರಲಿಲ್ಲ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ನೆಟ್ ಹೋಗಿತ್ತೋ ನೀವೇ ಸುಮ್ಮನೆ ಕೂತಿದ್ದಿರೋ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಆ ಖಾಲಿ ಜಾಗವನ್ನು ತುಂಬುವುದೇ ನಿಮ್ಮ ಮನವಿಯ ಕೆಲಸ. ನೀವು ಕೊಡುವ ಸಮಯಗಳು ಅವರ ಲಾಗ್‌ನ ಪಕ್ಕ ಇಟ್ಟಾಗ ಸರಿಯಾಗಿ ಕೂರಬೇಕು.

ಈ ಲೇಖನದಲ್ಲಿ ಕಾಲೇಜು ಮತ್ತು ತರಬೇತಿ ಕೋರ್ಸುಗಳಲ್ಲಿ ತುಂಬ ಬಳಕೆಯಲ್ಲಿರುವ ಮೂಡಲ್ ವೇದಿಕೆಯ ಕ್ವಿಜ್ ಅನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಉದ್ಯೋಗ ನೇಮಕಾತಿಯ ಟೆಸ್ಟುಗಳಿಗೂ ಬಹುಪಾಲು ಇದೇ ಅನ್ವಯಿಸುತ್ತದೆ; ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಕೊನೆಯಲ್ಲಿ ನೋಡೋಣ.

ನೆಟ್ ಹೋದ ಕ್ಷಣದಲ್ಲಿ

ಮೊದಲಿಗೆ ಪರೀಕ್ಷೆಯ ಟ್ಯಾಬ್ ಮುಚ್ಚಬೇಡಿ, ರೀಲೋಡ್ ಕೂಡ ಮಾಡಬೇಡಿ. ಮೂಡಲ್ ಕ್ವಿಜ್‌ನಲ್ಲಿ ಸಾಮಾನ್ಯವಾಗಿ ಉತ್ತರ ಬದಲಾಯಿಸಿದ ಸುಮಾರು 1 ನಿಮಿಷದೊಳಗೆ ಅದು ತಾನಾಗಿ ಸರ್ವರ್‌ಗೆ ಸೇವ್ ಆಗುತ್ತದೆ. ನೆಟ್ ಇಲ್ಲದೆ ಸೇವ್ ವಿಫಲವಾದರೆ ಪರದೆಯ ಮೇಲೆ ಎಚ್ಚರಿಕೆ ಕಾಣುತ್ತದೆ. ಆ ಹೊತ್ತಿಗೆ ಆ ಪುಟದಲ್ಲಿ ನೀವು ಬರೆದಿದ್ದು ಬ್ರೌಸರ್‌ನಲ್ಲಿ ಮಾತ್ರ ಇರುತ್ತದೆ. ಪುಟ ತೆರೆದೇ ಇದ್ದರೆ ನೆಟ್ ಬಂದಾಗ ಅದು ಸೇವ್ ಆಗುತ್ತದೆ. ಗಾಬರಿಯಲ್ಲಿ ರೀಲೋಡ್ ಒತ್ತಿದರೆ ಹೋದಂತೆಯೇ. ಉದ್ದನೆಯ ಉತ್ತರವಿದ್ದರೆ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿರುವುದಿಲ್ಲ. ಟೈಮರ್ ಓಡುವುದು ಸರ್ವರ್‌ನ ಲೆಕ್ಕದಲ್ಲಿ. ನಿಮ್ಮ ನೆಟ್ ಹೋದರೂ, ಕಂಪ್ಯೂಟರ್ ಆಫ್ ಆದರೂ ಅದು ನಿಲ್ಲುವುದಿಲ್ಲ. ಸಮಯ ಮುಗಿದಾಗ ಅಲ್ಲಿಯವರೆಗೆ ಸೇವ್ ಆದ ಉತ್ತರಗಳನ್ನಷ್ಟೇ ಇಟ್ಟುಕೊಂಡು ಪರೀಕ್ಷೆ ತಾನಾಗಿ ಸಲ್ಲಿಕೆಯಾಗುವುದು ಮಾಮೂಲಿ ಸೆಟ್ಟಿಂಗ್. ಕೆಲವು ಕಡೆ ಸಮಯದೊಳಗೆ ನೀವೇ ಸಲ್ಲಿಸದಿದ್ದರೆ ಆ ಪ್ರಯತ್ನ ಲೆಕ್ಕಕ್ಕೇ ಬರದಂತೆಯೂ ಇಟ್ಟಿರುತ್ತಾರೆ.

ಆಮೇಲೆ ರೂಟರ್. ನೆಟ್ ಹೋದ ತಕ್ಷಣ ಎಲ್ಲರ ಕೈ ಹೋಗುವುದು ಅದರ ಸ್ವಿಚ್‌ಗೆ. ಅದಕ್ಕೆ ಮೊದಲು ರೂಟರ್‌ನ ದೀಪಗಳ ಒಂದು ಫೋಟೋ ತೆಗೆಯಿರಿ. ಫೈಬರ್ ಸಂಪರ್ಕವಾದರೆ LOS ಎಂದು ಬರೆದಿರುವ ದೀಪ ಕೆಂಪಾಗಿ ಉರಿಯುತ್ತಿದೆಯೇ ನೋಡಿ. ಹಾಗಿದ್ದರೆ ಹೊರಗಿನಿಂದ ಬರುವ ಬೆಳಕಿನ ಸಂಕೇತವೇ ರೂಟರ್‌ಗೆ ತಲುಪುತ್ತಿಲ್ಲ ಎಂದರ್ಥ, ರೂಟರ್ ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ. ಎಷ್ಟೋ ರೂಟರ್‌ಗಳಲ್ಲಿ ರೀಸ್ಟಾರ್ಟ್ ಮಾಡಿದೊಡನೆ ಒಳಗಿನ ಲಾಗ್ ಅಳಿಸಿಹೋಗುತ್ತದೆ, ಅಂದರೆ ನಿಮ್ಮ ಒಳ್ಳೆಯ ಸಾಕ್ಷಿಯನ್ನು ನೀವೇ ಒರೆಸಿದ ಹಾಗಾಗುತ್ತದೆ. ಫೋನಿನ ಹಾಟ್‌ಸ್ಪಾಟ್ ಇದ್ದರೆ ಮೊದಲು ಅದಕ್ಕೆ ಬದಲಾಯಿಸಿ ನೋಡುವುದು ಜಾಣತನ. ಹಾಟ್‌ಸ್ಪಾಟ್‌ಗೆ ಹೋದರೆ ಸರ್ವರ್‌ಗೆ ನಿಮ್ಮ ಸಂಪರ್ಕದ ಗುರುತಾಗಿ ಕಾಣುವ ಐಪಿ ವಿಳಾಸ ಬದಲಾಗುತ್ತದೆ ಎಂಬುದು ನೆನಪಿರಲಿ. ಎಷ್ಟು ಹೊತ್ತಿಗೆ ಬದಲಾಯಿಸಿದಿರಿ ಎಂದು ಗುರುತು ಹಾಕಿಕೊಳ್ಳಿ.

ಕ್ಯಾಮೆರಾ ನಿಗಾ ಇರುವ ಪರೀಕ್ಷೆಯಾದರೆ ಇಲ್ಲಿ ಒಂದು ಎಚ್ಚರ ಬೇಕು. ಅಂಥ ಪರೀಕ್ಷೆಗಳಲ್ಲಿ ಫೋನ್ ಕೈಗೆತ್ತಿಕೊಳ್ಳುವುದೇ ನಿಯಮಭಂಗ ಆಗಬಹುದು. ತಾಂತ್ರಿಕ ತೊಂದರೆಯಾದರೆ ಏನು ಮಾಡಬೇಕು, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದು ಪರೀಕ್ಷೆಯ ಸೂಚನೆಗಳಲ್ಲಿ ಇರುತ್ತದೆ. ಅದನ್ನು ಹಿಂದಿನ ದಿನವೇ ಓದಿ ಕಾಗದದ ಮೇಲೆ ಬರೆದಿಟ್ಟುಕೊಂಡಿರಬೇಕು, ಏಕೆಂದರೆ ನೆಟ್ ಹೋದ ಮೇಲೆ ಆ ಪುಟ ತೆರೆಯುವುದಿಲ್ಲ.

ಫೋನ್ ಬಳಸಲು ಅನುಮತಿ ಇದ್ದರೆ ಪರೀಕ್ಷೆಯ ಅವಧಿ ಮುಗಿಯುವ ಮೊದಲೇ ಎರಡು ಕೆಲಸ ಮಾಡಿಬಿಡಿ. ಒಂದು, ಸಂಯೋಜಕರಿಗೆ ಎರಡು ಸಾಲಿನ ಮೇಲ್: ‘10:23ಕ್ಕೆ ನೆಟ್ ಹೋಯಿತು, 17ನೇ ಪ್ರಶ್ನೆಯಲ್ಲಿದ್ದೇನೆ, ಮತ್ತೆ ಸೇರಲು ಪ್ರಯತ್ನಿಸುತ್ತಿದ್ದೇನೆ.’ ಇನ್ನೊಂದು, ಇಂಟರ್ನೆಟ್ ಸೇವೆ ಕೊಡುವ ಕಂಪನಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯುವುದು. ಈ ಎರಡಕ್ಕೂ ನಿಮ್ಮ ಕೈಮೀರಿದ ಒಂದು ಸಮಯಮುದ್ರೆ ಬೀಳುತ್ತದೆ. ಫಲಿತಾಂಶ ಗೊತ್ತಾಗುವ ಮುಂಚೆ ಹೋದ ಎರಡು ಸಾಲಿನ ಮೇಲ್‌ಗೆ ಇರುವ ಬೆಲೆ, ಫೇಲಾದ ಮೇಲೆ ಬರೆದ ಎರಡು ಪುಟಕ್ಕೆ ಇರುವುದಿಲ್ಲ.

ಅವಧಿ ಮುಗಿಯುವ ಮೊದಲು ನೆಟ್ ಮರಳಿ ಬಂದರೆ ಒಳಗೆ ಹೋಗಿ ಬರೆಯಿರಿ. ‘ಹೇಗಿದ್ದರೂ ಮರುಪರೀಕ್ಷೆ ಕೇಳುತ್ತೇನಲ್ಲ, ಅರ್ಧಕ್ಕೇ ಬಿಟ್ಟರೆ ಕೇಸು ಗಟ್ಟಿಯಾಗುತ್ತದೆ’ ಎಂದುಕೊಳ್ಳುವವರಿದ್ದಾರೆ. ಇದು ತಿರುಗಿ ಹೊಡೆಯುತ್ತದೆ. ನೆಟ್ ಬಂದ ಮೇಲೂ 7 ನಿಮಿಷ ಕೈಕಟ್ಟಿ ಕೂತದ್ದು ಲಾಗ್‌ನಲ್ಲಿ ಕಂಡರೆ, ಅದಕ್ಕೆ ಮುಂಚಿನ ಅರ್ಧ ಗಂಟೆಯ ಮೇಲೂ ಅನುಮಾನ ಬರುತ್ತದೆ.

ಅದೇ ದಿನ ಸಾಕ್ಷಿ ಕೂಡಿಸುವುದು

ಪರೀಕ್ಷೆ ಮುಗಿದ ಮೇಲೆ ರೂಟರ್‌ನ ಒಳಪುಟ ತೆರೆಯಿರಿ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹೊಡೆದರೆ ಸಾಮಾನ್ಯವಾಗಿ ಸಿಗುತ್ತದೆ. ಸರಿಯಾದ ವಿಳಾಸ ಮತ್ತು ಪಾಸ್‌ವರ್ಡ್ ರೂಟರ್‌ನ ಕೆಳಗಿನ ಚೀಟಿಯಲ್ಲಿ ಇರುತ್ತದೆ. ಅಲ್ಲಿ System Log ಎಂಬ ಭಾಗದಲ್ಲಿ ಹೊರಗಿನ ಸಂಪರ್ಕ ಕಡಿದದ್ದು, ಮತ್ತೆ ಸೇರಿದ್ದು ಸಮಯದ ಸಮೇತ ದಾಖಲಾಗಿರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ರೂಟರ್‌ನ ಗಡಿಯಾರ ಸರಿಯಿದೆಯೇ ಎಂದೂ ನೋಡಿ. ಕೆಲವು ರೂಟರ್‌ಗಳು 1970ನೇ ಇಸವಿಯನ್ನೋ ಬೇರೆ ದೇಶದ ಸಮಯವನ್ನೋ ತೋರಿಸುತ್ತಿರುತ್ತವೆ. ಹಾಗಿದ್ದರೆ ರೂಟರ್‌ನ ಈಗಿನ ಸಮಯ ಮತ್ತು ಫೋನಿನ ಈಗಿನ ಸಮಯ ಎರಡೂ ಒಂದೇ ಫೋಟೋದಲ್ಲಿ ಬರುವಂತೆ ತೆಗೆಯಿರಿ. ವ್ಯತ್ಯಾಸ ಎಷ್ಟೆಂದು ಓದುವವರೇ ಲೆಕ್ಕ ಹಾಕಿಕೊಳ್ಳಲಿ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವೈಫೈ ಮೂಲಕ ಬರೆದಿದ್ದರೆ ಇನ್ನೊಂದು ದಾಖಲೆ ಕಂಪ್ಯೂಟರ್‌ನಲ್ಲೇ ಇದೆ. ಕಮಾಂಡ್ ಪ್ರಾಂಪ್ಟ್ ಅನ್ನು Run as administrator ಎಂದು ತೆರೆದು ಇದನ್ನು ಹೊಡೆಯಿರಿ:

```
netsh wlan show wlanreport
```

ಹಿಂದಿನ 3 ದಿನಗಳ ವೈಫೈ ಸಂಪರ್ಕದ ವರದಿ ಒಂದು ಎಚ್‌ಟಿಎಂಎಲ್ ಫೈಲ್ ಆಗಿ ತಯಾರಾಗುತ್ತದೆ. ಅದು ಎಲ್ಲಿದೆ ಎಂಬುದನ್ನು ಆ ಕಮಾಂಡ್ ತಾನೇ ತೋರಿಸುತ್ತದೆ. 3 ದಿನ ಎಂಬುದನ್ನು ಗಮನಿಸಿ. ವಾರ ಬಿಟ್ಟು ತೆಗೆಯಲು ಹೋದರೆ ನಿಮಗೆ ಬೇಕಾದ ದಿನ ಅದರಲ್ಲಿ ಇರುವುದಿಲ್ಲ.

ಈ ವರದಿಯ ಮಿತಿಯನ್ನೂ ತಿಳಿದಿರಬೇಕು. ಲ್ಯಾಪ್‌ಟಾಪ್ ಮತ್ತು ರೂಟರ್ ನಡುವಿನ ವೈಫೈ ಕಡಿದಿದ್ದರೆ ಅದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ವೈಫೈ ಸರಿಯಾಗಿಯೇ ಇದ್ದು, ರೂಟರ್‌ನಿಂದಾಚೆ ಹೊರಗಿನ ಲೈನ್ ಹೋಗಿದ್ದರೆ ವರದಿ ‘ವೈಫೈ ಸೇರಿಯೇ ಇತ್ತು’ ಎಂದು ತೋರಿಸಬಹುದು. ಅದನ್ನು ನೋಡದೆ ಮೇಲ್‌ಗೆ ಲಗತ್ತಿಸಿದರೆ ನಿಮ್ಮ ಮಾತಿಗೆ ನಿಮ್ಮದೇ ದಾಖಲೆ ಎದುರು ಹೇಳಿದ ಹಾಗಾಗುತ್ತದೆ. ಹೊರಗಿನ ಲೈನ್ ಹೋದ ಕೇಸಿನಲ್ಲಿ ರೂಟರ್ ಲಾಗ್, LOS ದೀಪದ ಫೋಟೋ ಮತ್ತು ಸೇವಾ ಕಂಪನಿಯ ಉತ್ತರ ಇವೇ ಮುಖ್ಯ.

ಸೇವಾ ಕಂಪನಿಯಿಂದ ಕೇಳಬೇಕಾದ್ದು ಒಂದೇ: ಯಾವ ಪ್ರದೇಶದಲ್ಲಿ, ಎಷ್ಟರಿಂದ ಎಷ್ಟರವರೆಗೆ ಸೇವೆ ಇರಲಿಲ್ಲ ಎಂದು ಲಿಖಿತವಾಗಿ ತಿಳಿಸಿ ಎಂದು. ಮೇಲ್ ಆದರೂ ಸಾಕು, ಮೆಸೇಜ್ ಆದರೂ ಸಾಕು. ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಮಾಮೂಲಿ ಮೆಸೇಜ್ ಬಂದರೂ ಇಟ್ಟುಕೊಳ್ಳಿ, ಅದರಲ್ಲೂ ದೂರು ದಾಖಲಾದ ಸಮಯ ಇರಬಹುದು. ಪೂರ್ತಿ ಉತ್ತರ ಬರಲು ದಿನಗಳೇ ಹಿಡಿಯಬಹುದು, ಅದಕ್ಕಾಗಿ ಮನವಿಯನ್ನು ತಡಮಾಡಬೇಡಿ. ‘ಕಂಪನಿಯ ದೃಢೀಕರಣ ಬಂದ ಕೂಡಲೇ ಕಳಿಸುತ್ತೇನೆ’ ಎಂದು ಬರೆದು ಮನವಿ ಕಳಿಸಿಬಿಡಿ.

ಸ್ಪೀಡ್ ಟೆಸ್ಟ್‌ನ ಸ್ಕ್ರೀನ್‌ಶಾಟ್ ಬಹಳ ಜನ ಕಳಿಸುತ್ತಾರೆ. ನೆಟ್ ಬಂದ ಮೇಲೆ ತೆಗೆದ ಸ್ಪೀಡ್ ಟೆಸ್ಟ್ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಬಿಡಿ ಅದನ್ನು.

ಒಂದು ಉದಾಹರಣೆ, ಲೆಕ್ಕ ಸಮೇತ

ಒಬ್ಬ ವಿದ್ಯಾರ್ಥಿನಿ 60 ನಿಮಿಷದ, 40 ಪ್ರಶ್ನೆಗಳ ಕೋರ್ಸ್ ಪರೀಕ್ಷೆಯನ್ನು 10:00ಕ್ಕೆ ಶುರು ಮಾಡಿದಳು ಎಂದಿಟ್ಟುಕೊಳ್ಳಿ. ಪುಟಕ್ಕೊಂದು ಪ್ರಶ್ನೆ, ಪಾಸಾಗಲು ಶೇ. 60 ಅಂದರೆ 24 ಅಂಕ ಬೇಕು. 10:23ಕ್ಕೆ 17ನೇ ಪ್ರಶ್ನೆಯಲ್ಲಿದ್ದಾಗ ನೆಟ್ ಹೋಯಿತು. 10:25ಕ್ಕೆ LOS ಕೆಂಪು ದೀಪದ ಫೋಟೋ ತೆಗೆದಳು. 10:29ಕ್ಕೆ ಹಾಟ್‌ಸ್ಪಾಟ್ ಹಾಕಿದರೂ ಸಿಗ್ನಲ್ ಸಾಲದೆ ಪುಟ ತೆರೆಯಲಿಲ್ಲ. 10:33ಕ್ಕೆ ದೂರು, 10:36ಕ್ಕೆ ಫೋನಿನಿಂದಲೇ ಸಂಯೋಜಕರಿಗೆ ಮೇಲ್. 10:52ಕ್ಕೆ ನೆಟ್ ಬಂತು. 10:53ಕ್ಕೆ ಒಳಗೆ ಹೋಗಿ ಉಳಿದ 7 ನಿಮಿಷದಲ್ಲಿ 21ನೇ ಪ್ರಶ್ನೆಯವರೆಗೆ ಬರೆದಳು. 11:00ಕ್ಕೆ ತಾನಾಗಿ ಸಲ್ಲಿಕೆಯಾಯಿತು. 21ರಲ್ಲಿ 18 ಸರಿ, ಫಲಿತಾಂಶ ಶೇ. 45, ಫೇಲ್.

ಈ ಕೇಸನ್ನು ಸಂಯೋಜಕರ ಕಣ್ಣಿನಿಂದ ನೋಡಿ. ಲಾಗ್‌ನಲ್ಲಿ 10:22ರ ಹೊತ್ತಿನ ಚಟುವಟಿಕೆಯ ನಂತರ ನೇರ 10:53ಕ್ಕೆ ಮುಂದಿನದು ಸಿಗುತ್ತದೆ. ಅವಳು ಹೇಳಿದ 10:23 ಮತ್ತು 10:52 ಅದರೊಳಗೆ ಸರಿಯಾಗಿ ಕೂರುತ್ತವೆ. ಬರೆದ 21ರಲ್ಲಿ 18 ಸರಿ ಎಂದರೆ ಓದದೆ ಬಂದವಳಲ್ಲ ಎಂಬುದೂ ತಾನಾಗಿ ಗೊತ್ತಾಗುತ್ತದೆ. ಅದನ್ನು ಮೇಲ್‌ನಲ್ಲಿ ಒಂದು ವಾಕ್ಯದಲ್ಲಿ ಹೇಳಬಹುದು, ಅದಕ್ಕಿಂತ ಹೆಚ್ಚು ಬೇಡ. ‘ನೆಟ್ ಇದ್ದಿದ್ದರೆ ಖಂಡಿತ ಪಾಸಾಗುತ್ತಿದ್ದೆ’ ಎಂದು ವಾದಿಸಲು ಹೋಗಬೇಡಿ, ಅದನ್ನು ಯಾರೂ ಪರಿಶೀಲಿಸಲಾಗದು. 60ರಲ್ಲಿ 29 ನಿಮಿಷ ಕಳೆದುಹೋಯಿತು ಎಂಬುದನ್ನು ಪರಿಶೀಲಿಸಬಹುದು.

ಅವಳು ಬರೆಯಬಹುದಾದ ಮೇಲ್ ಹೀಗಿರುತ್ತದೆ:

> ವಿಷಯ: ಮರುಪರೀಕ್ಷೆಗೆ ಮನವಿ – ಪರೀಕ್ಷೆಯ ಹೆಸರು, ದಿನಾಂಕ, ನನ್ನ ನೋಂದಣಿ ಸಂಖ್ಯೆ
>
> ಮಾನ್ಯರೇ,
>
> ಇಂದು ಬೆಳಿಗ್ಗೆ 10:00ಕ್ಕೆ ಶುರುವಾದ ಪರೀಕ್ಷೆಯಲ್ಲಿ 10:23ರಿಂದ 10:52ರವರೆಗೆ, ಅಂದರೆ 60 ನಿಮಿಷಗಳಲ್ಲಿ 29 ನಿಮಿಷ, ನನ್ನ ಇಂಟರ್ನೆಟ್ ಸಂಪರ್ಕ ಕಡಿದಿತ್ತು. ಆಗ ನಾನು 17ನೇ ಪ್ರಶ್ನೆಯಲ್ಲಿದ್ದೆ. 10:53ಕ್ಕೆ ಮತ್ತೆ ಲಾಗಿನ್ ಆಗಿ ಉಳಿದ ಸಮಯದಲ್ಲಿ 21ನೇ ಪ್ರಶ್ನೆಯವರೆಗೆ ಉತ್ತರಿಸಿದೆ. 22ರಿಂದ 40ರವರೆಗಿನ ಪ್ರಶ್ನೆಗಳನ್ನು ತೆರೆಯಲೂ ಆಗಲಿಲ್ಲ. ಉತ್ತರಿಸಿದ 21ರಲ್ಲಿ 18 ಸರಿಯಾಗಿದ್ದು, ಒಟ್ಟು ಫಲಿತಾಂಶ ಶೇ. 45 ಎಂದು ಬಂದಿದೆ.
>
> 10:29ಕ್ಕೆ ಫೋನಿನ ಹಾಟ್‌ಸ್ಪಾಟ್ ಮೂಲಕ ಪ್ರಯತ್ನಿಸಿದ್ದೆ. ಲಾಗ್‌ನಲ್ಲಿ ಬೇರೆ ಐಪಿ ವಿಳಾಸ ಕಂಡರೆ ಅದು ಇದೇ. 10:36ಕ್ಕೆ ತಮಗೆ ಮೇಲ್ ಮೂಲಕ ತಿಳಿಸಿದ್ದೆ.
>
> ಇದರೊಂದಿಗೆ ರೂಟರ್ ಲಾಗ್, 10:25ಕ್ಕೆ ತೆಗೆದ ರೂಟರ್‌ನ ಫೋಟೋ ಮತ್ತು ಸೇವಾ ಕಂಪನಿಗೆ ಕೊಟ್ಟ ದೂರಿನ ಸಂಖ್ಯೆ ಇರುವ ಮೆಸೇಜ್ ಲಗತ್ತಿಸಿದ್ದೇನೆ. ಕಂಪನಿಯ ಲಿಖಿತ ದೃಢೀಕರಣ ಬಂದ ಕೂಡಲೇ ಕಳಿಸುತ್ತೇನೆ. ಮೇಲಿನ ಸಮಯಗಳನ್ನು ಸರ್ವರ್ ಲಾಗ್‌ನೊಂದಿಗೆ ಹೋಲಿಸಿ ನೋಡಬೇಕಾಗಿ ಕೋರುತ್ತೇನೆ.
>
> ಈ ಪ್ರಯತ್ನವನ್ನು ಕೈಬಿಟ್ಟು ಇನ್ನೊಮ್ಮೆ ಪೂರ್ಣ ಅವಧಿಯ ಪರೀಕ್ಷೆಗೆ ಅವಕಾಶ ಕೊಡಬೇಕೆಂದು ವಿನಂತಿ. ಬೇರೆ ಪ್ರಶ್ನೆಪತ್ರಿಕೆ ಕೊಟ್ಟರೂ ನನಗೆ ಒಪ್ಪಿಗೆ. ಅದು ಸಾಧ್ಯವಾಗದಿದ್ದರೆ 22ರಿಂದ 40ರವರೆಗಿನ ಪ್ರಶ್ನೆಗಳಿಗಾದರೂ ಕಳೆದುಹೋದ ಸಮಯವನ್ನು ಕೊಡಬೇಕಾಗಿ ಕೋರುತ್ತೇನೆ.
>
> ವಂದನೆಗಳು.

ಐಪಿ ವಿಳಾಸದ ವಾಕ್ಯವನ್ನು ಗಮನಿಸಿ. ಅವರು ಲಾಗ್‌ನಲ್ಲಿ ಕಂಡು ‘ಇದೇನು, ಬೇರೆ ಕಡೆಯಿಂದ ಯಾರೋ ಲಾಗಿನ್ ಆಗಿದ್ದಾರಲ್ಲ’ ಎಂದುಕೊಳ್ಳುವ ಮೊದಲೇ ನೀವು ಹೇಳಿಬಿಟ್ಟರೆ ಅದು ಮಾಹಿತಿ. ಅವರು ಕೇಳಿದ ಮೇಲೆ ಹೇಳಿದರೆ ಸಮಜಾಯಿಷಿ. ಪರೀಕ್ಷೆ ನಡೆಸುವವರು ಬೇರೆ ದೇಶದಲ್ಲಿದ್ದರೆ ಪ್ರತಿ ಸಮಯದ ಜೊತೆ ನಿಮ್ಮ ಸಮಯ ವಲಯವನ್ನೂ ಬರೆಯಿರಿ. ಸರ್ವರ್ ಲಾಗ್‌ಗಳು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಇರುವುದು ಸಾಮಾನ್ಯ, ಗಂಟೆಗಳ ವ್ಯತ್ಯಾಸದಿಂದಾಗಿ ನಿಮ್ಮ ಮಾತು ಸುಳ್ಳೆಂದು ಕಾಣಬಾರದು.

ಸರಿಯಾದ ನಿಮಿಷ ನೆನಪಿಲ್ಲದಿದ್ದರೆ ‘ಸುಮಾರು 10:23’ ಎಂದೇ ಬರೆಯಿರಿ. 10 ನಿಮಿಷದ ಕಡಿತವನ್ನು ಅರ್ಧ ಗಂಟೆ ಮಾಡಬೇಡಿ. ಆ ಅವಧಿಯ ನಡುವೆ ಒಂದೇ ಒಂದು ಉತ್ತರ ಸೇವ್ ಆದ ದಾಖಲೆ ಸಿಕ್ಕರೂ ಮನವಿ ಅಲ್ಲಿಗೇ ಮುಗಿಯಿತು, ಕೆಲವು ಕಡೆ ಶಿಸ್ತುಕ್ರಮವೂ ಶುರುವಾಗಬಹುದು.

ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿದಿರುತ್ತದೆ

‘ಸರಿ, ಇನ್ನೊಂದು ಅವಕಾಶ ಕೊಟ್ಟಿದ್ದೇವೆ’ ಎಂಬ ಉತ್ತರ ಬಂದೊಡನೆ ಕುಣಿದು ಪರೀಕ್ಷೆ ತೆರೆಯಬೇಡಿ. ಎರಡು ಪ್ರಯತ್ನಗಳಲ್ಲಿ ಯಾವುದು ಲೆಕ್ಕಕ್ಕೆ ಬರುತ್ತದೆ ಎಂದು ಮೊದಲು ಕೇಳಿ. ಮೂಡಲ್‌ನಲ್ಲಿ ಅಂಕ ಹಿಡಿಯುವ ವಿಧಾನ ನಾಲ್ಕು: ಅತಿ ಹೆಚ್ಚಿನದು, ಸರಾಸರಿ, ಮೊದಲನೆಯದು, ಕೊನೆಯದು. ‘ಅತಿ ಹೆಚ್ಚಿನದು’ ಎಂದಿದ್ದರೆ ಚಿಂತೆಯಿಲ್ಲ. ‘ಸರಾಸರಿ’ ಎಂದಿದ್ದರೆ ನಮ್ಮ ವಿದ್ಯಾರ್ಥಿನಿ ಎರಡನೇ ಸಲ ಶೇ. 72 ತೆಗೆದರೂ 45 ಮತ್ತು 72 ಸೇರಿ ಶೇ. 58.5 ಆಗಿ ಮತ್ತೆ ಫೇಲ್. ‘ಮೊದಲನೆಯದು’ ಎಂದಿದ್ದರೆ ಎರಡನೆಯದರಲ್ಲಿ ನೂರಕ್ಕೆ ನೂರು ಬಂದರೂ ಅಂಕಪಟ್ಟಿ ಅಲುಗಾಡುವುದಿಲ್ಲ.

ಬೋಧಕರು ಒಬ್ಬ ವಿದ್ಯಾರ್ಥಿಗೆ ಮಾತ್ರ ಹೆಚ್ಚುವರಿ ಅವಕಾಶ ಕೊಡುವುದು User overrides ಎಂಬಲ್ಲಿ. ಅಲ್ಲಿ ಪ್ರಯತ್ನಗಳ ಸಂಖ್ಯೆ, ಅವಧಿ, ಪರೀಕ್ಷೆ ತೆರೆಯುವ ಮತ್ತು ಮುಚ್ಚುವ ಸಮಯ ಇವನ್ನು ಆ ವಿದ್ಯಾರ್ಥಿಗಷ್ಟೇ ಬದಲಾಯಿಸಬಹುದು. ಅಂಕ ಹಿಡಿಯುವ ವಿಧಾನ ಆ ಪಟ್ಟಿಯಲ್ಲಿಲ್ಲ, ಅದು ಇಡೀ ಪರೀಕ್ಷೆಗೆ ಒಂದೇ. ಹಾಗಾಗಿ ಸರಾಸರಿ ಅಥವಾ ಮೊದಲನೆಯದು ಎಂಬ ವಿಧಾನವಿದ್ದರೆ ಅವರು ಹಳೆಯ ಪ್ರಯತ್ನವನ್ನು ತೆಗೆದುಹಾಕಬೇಕು, ಇಲ್ಲವೇ ಅಂಕಪಟ್ಟಿಯಲ್ಲಿ ಕೈಯಾರೆ ತಿದ್ದಬೇಕು. ಇದನ್ನು ಅವರು ಮರೆಯುವ ಸಾಧ್ಯತೆ ಇದ್ದೇ ಇದೆ. ನೀವು ಕೇಳಿದರೆ ತಪ್ಪೇನಿಲ್ಲ: ‘ಹಿಂದಿನ ಪ್ರಯತ್ನದ ಅಂಕ ಲೆಕ್ಕಕ್ಕೆ ಬರುವುದಿಲ್ಲ ಎಂದು ದಯವಿಟ್ಟು ಖಚಿತಪಡಿಸಿ.’

ಅನುಮತಿ ಸಿಕ್ಕಿದ ಮೇಲೂ ಪರೀಕ್ಷೆ ತೆರೆಯುತ್ತಿಲ್ಲ ಎಂದರೆ, ಪ್ರಯತ್ನದ ಸಂಖ್ಯೆ ಹೆಚ್ಚಿಸಿ ಮುಚ್ಚುವ ಸಮಯ ಬದಲಾಯಿಸುವುದನ್ನು ಬಿಟ್ಟಿರಬಹುದು. ಇದೂ ಮಾಮೂಲು. ‘ಪರೀಕ್ಷೆ ಮುಚ್ಚಿದೆ’ ಎಂದು ತೋರುವ ಪರದೆಯ ಸ್ಕ್ರೀನ್‌ಶಾಟ್ ಕಳಿಸಿದರೆ ಅವರಿಗೆ ಕೂಡಲೇ ಅರ್ಥವಾಗುತ್ತದೆ.

ಉತ್ತರ ಬರದಿದ್ದರೆ, ಇಲ್ಲವೆಂದರೆ

ಮನವಿಗೆ ಗಡುವು ಇದೆಯೇ ಎಂದು ಪರೀಕ್ಷೆಯ ನಿಯಮಗಳಲ್ಲಿ ನೋಡಿ. ಗಡುವು ಇರಲಿ ಬಿಡಲಿ, ಅದೇ ದಿನ ಕಳಿಸುವುದು ಒಳ್ಳೆಯದು. ಎರಡು ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ಅದೇ ಮೇಲ್‌ಗೆ ಉತ್ತರವಾಗಿ ನೆನಪಿಸಿ, ಹೊಸ ಮೇಲ್ ಶುರು ಮಾಡಬೇಡಿ. ಮೊದಲು ಕಳಿಸಿದ ಮನವಿ ಕೆಳಗೆ ಕಾಣುತ್ತಿರಬೇಕು.

ಇಲ್ಲವೆಂದರೆ ಕಾರಣ ಕೇಳಿ. ‘ಸಂಪರ್ಕ ಅಭ್ಯರ್ಥಿಯದೇ ಹೊಣೆ’ ಎಂದು ನಿಯಮದಲ್ಲೇ ಬರೆದಿದ್ದರೆ ಮರುಪರೀಕ್ಷೆ ಸಿಗುವುದು ಕಷ್ಟ. ಆಗ ಮುಂದಿನ ಸುತ್ತಿಗೆ ಶುಲ್ಕವಿಲ್ಲದೆ ಸೇರಿಸಿಕೊಳ್ಳಬಹುದೇ, ಈ ಫಲಿತಾಂಶವನ್ನು ‘ಫೇಲ್’ ಬದಲು ‘ಅಪೂರ್ಣ’ ಎಂದು ದಾಖಲಿಸಬಹುದೇ ಎಂದು ಕೇಳುವುದು ಹೆಚ್ಚು ಉಪಯುಕ್ತ. ‘ಸಾಕ್ಷಿ ಸಾಲದು’ ಎಂದಿದ್ದರೆ ಯಾವ ಸಾಕ್ಷಿ ಬೇಕು ಎಂದು ಕೇಳಿ, ಅಷ್ಟರಲ್ಲಿ ಸೇವಾ ಕಂಪನಿಯ ಪತ್ರ ಬಂದಿದ್ದರೆ ಅದನ್ನು ಸೇರಿಸಿ.

ನೇಮಕಾತಿ ಟೆಸ್ಟುಗಳಲ್ಲಿ ವ್ಯತ್ಯಾಸ ಮುಖ್ಯವಾಗಿ ಒಂದೇ. ಟೆಸ್ಟ್ ನಡೆಸುವ ವೇದಿಕೆ ಬೇರೆಯವರದು, ಅವಕಾಶ ಕೊಡುವ ಅಧಿಕಾರ ಕೆಲಸ ಕೊಡುವ ಕಂಪನಿಯದು. ವೇದಿಕೆಯ ಸಹಾಯವಾಣಿಗೆ ಬರೆದರೆ ಹೆಚ್ಚೆಂದರೆ ‘ಈ ಹೊತ್ತಿನಿಂದ ಈ ಹೊತ್ತಿನವರೆಗೆ ಸಂಪರ್ಕ ಇರಲಿಲ್ಲ’ ಎಂದು ಅವರು ತಮ್ಮ ದಾಖಲೆ ನೋಡಿ ಹೇಳಬಹುದು; ಆ ಉತ್ತರವನ್ನು ಪಡೆದುಕೊಂಡು ಟೆಸ್ಟ್‌ನ ಲಿಂಕ್ ಕಳಿಸಿದ ನೇಮಕಾತಿ ಅಧಿಕಾರಿಗೆ ಮನವಿ ಬರೆಯಿರಿ. ಅದಕ್ಕೂ ಮೊದಲು ಅದೇ ಲಿಂಕನ್ನು ಒಮ್ಮೆ ತೆರೆದು ನೋಡಿ. ಅವಧಿ ಇನ್ನೂ ಮುಗಿದಿರದಿದ್ದರೆ ಕೆಲವು ವೇದಿಕೆಗಳಲ್ಲಿ ಬಿಟ್ಟ ಜಾಗದಿಂದಲೇ ಮುಂದುವರಿಸಬಹುದು.

ಮರುಪರೀಕ್ಷೆಯ ದಿನವೂ ನೆಟ್ ಹೋದರೆ ಮೂರನೇ ಅವಕಾಶ ಕೇಳುವುದು ಬಲು ಕಷ್ಟ. ನಿಮ್ಮ ಲೈನಿನ ಮೇಲೆ ನಂಬಿಕೆ ಇಲ್ಲದಿದ್ದರೆ ಸಂಸ್ಥೆಯ ಕಂಪ್ಯೂಟರ್ ಲ್ಯಾಬ್‌ನಲ್ಲೋ ಪರೀಕ್ಷಾ ಕೇಂದ್ರದಲ್ಲೋ ಕೂತು ಬರೆಯಲು ಅನುಮತಿಯನ್ನು ಮೊದಲ ಮನವಿಯಲ್ಲೇ ಕೇಳಿಬಿಡಿ.